ನಾಡಿ ಎಣಿಸುತ್ತ ಕೂರುವ ಹೊತ್ತಲ್ಲ

ಹೋದ ತಿಂಗಳ ಅಂಕಣ ಓದಿ ಪುಣೆಯ ಓದುಗರೊಬ್ಬರು ಪತ್ರ ಬರೆದಿದ್ದರು. ವಯಸ್ಸು 52. ಎಂಟು ದಿನಗಳಿಂದ ರೈಲು ನಿಲ್ದಾಣದ ಮೇಲುಸೇತುವೆ ಹತ್ತುವಾಗ ಎದೆಯ ನಡುವೆ ಏನೋ ಹಿಡಿದಂತಾಗುತ್ತದೆ, ಮೇಲೆ ಹೋಗಿ ನಿಂತರೆ ಐದು ನಿಮಿಷದಲ್ಲಿ ಬಿಟ್ಟುಹೋಗುತ್ತದೆ. ಮಗ ಹುಟ್ಟುಹಬ್ಬಕ್ಕೆ ಕೊಡಿಸಿದ ಸ್ಮಾರ್ಟ್‌ವಾಚ್‌ನಲ್ಲಿ ಆಗ ನಾಡಿ 90 ದಾಟಿದ್ದಿಲ್ಲ. ಎಂಟು ದಿನದ ಲೆಕ್ಕವನ್ನೂ ದಿನಾಂಕ, ಗಂಟೆ ಸಮೇತ ಕಳಿಸಿ, "ಇನ್ನೆಷ್ಟು ದಿನ ಹೀಗೆ ಗಮನಿಸಿ ಡಾಕ್ಟರರ ಹತ್ತಿರ ಹೋಗಲಿ?" ಎಂದು ಕೇಳಿದ್ದರು.

ಪತ್ರಿಕೆ ಬರುವವರೆಗೆ ಕಾಯುವ ಪ್ರಶ್ನೆ ಅದಲ್ಲ, ಹಾಗಾಗಿ ಅವತ್ತೇ ಉತ್ತರ ಕಳಿಸಿದೆ: ಇವತ್ತೇ ಹೋಗಿ, ಆಟೋದಲ್ಲಿ ಹೋಗಿ, ಮೇಲುಸೇತುವೆ ಹತ್ತಬೇಡಿ. ನಡೆದಾಗ ಬಂದು ನಿಂತಾಗ ಹೋಗುವ ಎದೆಬಿಗಿತ ಹೊಸದಾಗಿ ಶುರುವಾಗಿದೆ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳವೊಂದು ಕಿರಿದಾಗಿದೆ ಎಂದೇ ಮೊದಲು ಶಂಕಿಸಬೇಕು. ಆ ನಾಳ ನಾಳೆ ಪೂರ್ತಿ ಮುಚ್ಚೀತೇ, ಮುಂದಿನ ತಿಂಗಳೇ ಎಂಬುದನ್ನು ನಾಡಿಯ ಸಂಖ್ಯೆ ಹೇಳುವುದಿಲ್ಲ. ಅದೇ ಬಿಗಿತ ಕೂತಾಗಲೂ ಬಂದರೆ, ಹತ್ತು ನಿಮಿಷವಾದರೂ ಬಿಡದಿದ್ದರೆ ಆಟೋ ಕೂಡ ಬೇಡ, ಆಂಬುಲೆನ್ಸ್ ಕರೆಯಬೇಕು.

ಆ ಪತ್ರ ಒಬ್ಬರದೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಈಚೆಗೆ ತುರ್ತು ವಿಭಾಗಕ್ಕೆ ಬರುವವರಲ್ಲಿ ಎದೆನೋವಿಗಿಂತ ಮೊದಲು ಮೊಬೈಲ್ ಪರದೆ ತೋರಿಸುವವರು ಹೆಚ್ಚು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದೆ, ಬಿಪಿ ಯಂತ್ರವಿದೆ, ಕೈಗೆ ವಾಚು. ಮೂರರಲ್ಲೂ ನಾಡಿ ಬರುತ್ತದೆ. ಸಂಖ್ಯೆ 60ರಿಂದ 100ರೊಳಗಿದ್ದರೆ ಮನೆಮಂದಿಯೆಲ್ಲ ನಿಟ್ಟುಸಿರು ಬಿಡುತ್ತಾರೆ. ಎದೆನೋವು, ಪ್ರಜ್ಞೆ ತಪ್ಪುವುದು, ಉಸಿರು ಸಾಲದಾಗುವುದು, ಈ ಮೂರರಲ್ಲಿ ಒಂದಿದ್ದರೂ ಆ ನಿಟ್ಟುಸಿರಿಗೆ ಆಧಾರವಿಲ್ಲ. ಯಾಕೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಠಾಣೆಯಲ್ಲಿ ಹೋಟೆಲ್ ನಡೆಸುವವರು, ಉಡುಪಿ ಕಡೆಯವರು, ವಯಸ್ಸು 56. ಬಿಪಿಗೆಂದು ಕೆಲವು ವರ್ಷಗಳಿಂದ ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಒಂದು ದಿನ ಬೆಳಗಿನ 5.40ಕ್ಕೆ, ಹಿಟ್ಟು ಬಂದಿದೆಯೇ ಎಂದು ವಿಚಾರಿಸಲು ಫೋನ್ ಎತ್ತಿಕೊಂಡಾಗ, ಎದೆಯ ಕೆಳಭಾಗದಲ್ಲಿ ಭಾರ ಕೂತಂತಾಯಿತು. ದವಡೆಯೂ ಸ್ವಲ್ಪ ನೋಯಿತು. "ರಾತ್ರಿ ತಡವಾಗಿ ಊಟ ಮಾಡಿದಿರಿ, ಗ್ಯಾಸ್ ಆಗಿರಬೇಕು" ಎಂದು ಹೆಂಡತಿ ಜೀರಿಗೆ ಕಷಾಯ ಕೊಟ್ಟರು. ವಾಚಿನಲ್ಲಿ ನಾಡಿ 58. ಮಗಳು ಎದ್ದು ಬಂದು, "ಅಪ್ಪ, ಹಾರ್ಟ್ ಅಟ್ಯಾಕ್ ಆಗಿದ್ರೆ ನಾಡಿ ಓಡ್ತಿತ್ತು, ಇದು ಆರಾಮಾಗಿದೆ" ಎಂದಳು. ಓದಿದ ಹುಡುಗಿ, ಕಾಳಜಿಯಿಂದಲೇ ಹೇಳಿದ್ದು. ಹತ್ತು ನಿಮಿಷಕ್ಕೊಮ್ಮೆ ನೋಡಿ ಬರೆದಿಟ್ಟಳು: 58, 61, 57, 60. ತೇಗು ಬಂತು, ಹಗುರಾಯಿತೆಂದರು, ಮತ್ತೆ ಬಿಗಿಯಿತು. ಏಳು ಗಂಟೆಗೆ ವಾಂತಿ, ಬನಿಯನ್ ಒದ್ದೆಯಾಗುವಷ್ಟು ತಣ್ಣಗಿನ ಬೆವರು, ನಾಡಿ 46. "ಮಾತ್ರೆ ತಗೊಂಡಿದ್ದೀರಲ್ಲ, ಅದಕ್ಕೇ ಕಡಿಮೆ" ಎಂದು ಮನೆಯಲ್ಲಿ ಮಾತಾಯಿತು. 7.40ಕ್ಕೆ ಸ್ನಾನದ ಮನೆಗೆ ಎದ್ದವರು ಬಾಗಿಲ ಬಳಿ ಕುಸಿದರು. ಆಸ್ಪತ್ರೆಯಲ್ಲಿ ಇಸಿಜಿ ಆದಾಗ 8.25. ಹೃದಯದ ಕೆಳಗೋಡೆಗೆ ಆಘಾತ, ಜೊತೆಗೆ ವಿದ್ಯುತ್ ಹರಿವಿಗೆ ತಡೆ. ಬಲ ಭಾಗದ ಹೃದಯನಾಳ ಮುಚ್ಚಿತ್ತು. ಅದನ್ನು ತೆರೆದು ಸ್ಟೆಂಟ್ ಹಾಕಿದರು. ಬದುಕಿದ್ದಾರೆ, ಹೋಟೆಲಿಗೂ ಬರುತ್ತಾರೆ, ಆದರೆ ಹಿಂದಿನಂತೆ ಎರಡು ಮಹಡಿ ಒಂದೇ ಉಸಿರಿಗೆ ಹತ್ತಲಾಗುವುದಿಲ್ಲ.

ಈ ಕಥೆಯ ಒಂದೊಂದು ಸಂಖ್ಯೆಯನ್ನೂ ಬಿಡಿಸಿ ನೋಡೋಣ. ಮೊದಲ ಒಂದು ಗಂಟೆಯಲ್ಲಿ ಕಂಡ 58, 61, 57 ಯಾವುದೂ ಸುಳ್ಳಲ್ಲ. ವಾಚು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ಪ್ರತಿ ಬಡಿತಕ್ಕೆ ಅಲ್ಲಿ ತುಂಬಿ ಇಳಿಯುವ ರಕ್ತದಿಂದ ಆ ಬೆಳಕು ಎಷ್ಟು ಹಿಂದಿರುಗುತ್ತದೆ ಎಂದು ನೋಡಿ ಎಣಿಸುತ್ತದೆ. ಮಣಿಕಟ್ಟಿಗೆ ರಕ್ತ ನಿಮಿಷಕ್ಕೆ ಎಷ್ಟು ಸಲ ಬಂತು ಎಂಬುದಷ್ಟೇ ಅದಕ್ಕೆ ಗೊತ್ತು. ಹೃದಯಾಘಾತ ಆಗುವುದು ಹೃದಯ ತನ್ನ ಸ್ನಾಯುವಿಗೇ ರಕ್ತ ಕಳಿಸಿಕೊಳ್ಳುವ ಸಣ್ಣ ನಾಳದಲ್ಲಿ. ಒಂದು ನಾಳ ಮುಚ್ಚಿ ಆ ಭಾಗದ ಸ್ನಾಯು ಸಾಯುತ್ತಿದ್ದರೂ ಉಳಿದ ಭಾಗ ಬಡಿಯುತ್ತಲೇ ಇರುತ್ತದೆ, ಮಣಿಕಟ್ಟಿಗೆ ರಕ್ತ ತಲುಪುತ್ತಲೇ ಇರುತ್ತದೆ. ಅಡುಗೆಮನೆಗೆ ಬೆಂಕಿ ಬಿದ್ದಿರುವಾಗ ಹಾಲ್‌ನ ಫ್ಯಾನ್ ಸರಿಯಾಗಿ ತಿರುಗುತ್ತಿದೆ ಎಂದು ಸಮಾಧಾನಪಟ್ಟಂತೆ.

ನೋವಿಗೆ ನಾಡಿ ಏರಬೇಕಲ್ಲವೇ? ಹಲವರಲ್ಲಿ ಏರುತ್ತದೆ. ಇವರಲ್ಲಿ ಏರದಿರಲು ಎರಡು ಕಾರಣ. ಒಂದು, ಮೆಟೊಪ್ರೊಲಾಲ್. ಅಟೆನೊಲಾಲ್, ಬೈಸೊಪ್ರೊಲಾಲ್ ಕೂಡ ಅದೇ ಗುಂಪಿನವು. ಹೃದಯ ಗಾಬರಿಗೆ ಓಡದಂತೆ ಹಗ್ಗ ಹಿಡಿಯುವುದೇ ಆ ಮಾತ್ರೆಗಳ ಕೆಲಸ. ಅವನ್ನು ತೆಗೆದುಕೊಳ್ಳುವವರಲ್ಲಿ ಅಪಾಯದ ಹೊತ್ತಿನಲ್ಲೂ ನಾಡಿ 60ರ ಆಸುಪಾಸು ಉಳಿಯಬಹುದು. ಎರಡನೆಯದು ನಾಳದ ಸಂಗತಿ. ಹೃದಯ ಬಡಿಯಲು ಬೇಕಾದ ವಿದ್ಯುತ್ ಹುಟ್ಟುವ ಗಂಟಿಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಬಲ ಹೃದಯನಾಳವೇ ರಕ್ತ ಕೊಡುತ್ತದೆ. ಆ ವಿದ್ಯುತ್ತನ್ನು ಮೇಲಿನ ಕೋಣೆಯಿಂದ ಕೆಳಗೆ ಸಾಗಿಸುವ ಗಂಟಿಗೂ ಬಹುಪಾಲು ಜನರಲ್ಲಿ ಅದೇ ನಾಳ. ಆ ನಾಳ ಮುಚ್ಚಿದರೆ ನಾಡಿ ಏರುವ ಬದಲು ಇಳಿಯುತ್ತದೆ. ಇಂಥ ಆಘಾತದಲ್ಲಿ ಎದೆಗಿಂತ ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ವಾಕರಿಕೆ, ವಾಂತಿ ಹೆಚ್ಚು ಕಾಣುವುದರಿಂದ ಗ್ಯಾಸ್ ಎಂಬ ಭ್ರಮೆಯೂ ಸುಲಭ. 46 ಎಂಬುದು ಮಾತ್ರೆಯ ಗುಣವಲ್ಲ, ರೋಗ ಮುಂದುವರಿದ ಗುರುತು. ಅದೇ ಮಾತ್ರೆಯನ್ನು ಅಷ್ಟು ವರ್ಷ ತೆಗೆದುಕೊಂಡರೂ ಹಿಂದೆಂದೂ ಅವರ ನಾಡಿ ಅಷ್ಟು ಇಳಿದಿರಲಿಲ್ಲ ಎಂದು ವಾಚಿನ ಹಳೆಯ ದಾಖಲೆಯೇ ಹೇಳುತ್ತಿತ್ತು.

ತೇಗು ಬಂದು ಹಗುರಾದದ್ದೂ ಸಾಕ್ಷಿಯಲ್ಲ. ನಾಳದೊಳಗಿನ ಹೆಪ್ಪು ಕೆಲವೊಮ್ಮೆ ಅರೆಬರೆ ಕರಗಿ ಮತ್ತೆ ಕಟ್ಟುತ್ತದೆ, ನೋವೂ ಹಾಗೆಯೇ ಇಳಿದು ಏರುತ್ತದೆ. ಆ ಹೊತ್ತಿಗೆ ಕಷಾಯವೋ ಸೋಡಾವೋ ಕುಡಿದಿದ್ದರೆ ಕೀರ್ತಿ ಅದಕ್ಕೆ ಹೋಗುತ್ತದೆ.

ನಾಳ ಪೂರ್ತಿ ಮುಚ್ಚಿದ ಮೇಲೆ ಸುಮಾರು ಅರ್ಧ ಗಂಟೆಯೊಳಗೆ ಸ್ನಾಯು ಸಾಯಲು ಶುರುವಾಗುತ್ತದೆ, ಮುಂದಿನ ಕೆಲವು ಗಂಟೆಗಳಲ್ಲಿ ಅದು ಒಳಪದರದಿಂದ ಹೊರಕ್ಕೆ ಹಬ್ಬುತ್ತದೆ. ಎದೆನೋವಿನವರು ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕೆಂಬ ನಿಯಮ ಆಸ್ಪತ್ರೆಗಳಿಗೆ ಇರುವುದು ಅದಕ್ಕೇ. ಈ ಮನೆಯಲ್ಲಿ 5.40ರಿಂದ 8.25ರವರೆಗೆ ಹೋದ 165 ನಿಮಿಷಗಳಲ್ಲಿ ದಾರಿಗೆ ಹಿಡಿದದ್ದು ಕಾಲು ಗಂಟೆ. ಉಳಿದದ್ದರಲ್ಲಿ ಬಹುಪಾಲು ನಾಡಿ ಬರೆದಿಡುವುದರಲ್ಲಿ ಕಳೆಯಿತು.

ವಾಚಿನಲ್ಲೇ ಇಸಿಜಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ಕೋನಗಳಿಂದ ನೋಡುತ್ತದೆ, ವಾಚು ನೋಡುವುದು ಒಂದೇ ಕೋನದಿಂದ. ಬಡಿತದ ತಾಳ ತಪ್ಪಿದೆಯೇ ಎಂದು ತಿಳಿಯಲು ಅದು ಉಪಯೋಗಕ್ಕೆ ಬರುತ್ತದೆ. ಕೆಳಗೋಡೆಯ ಆಘಾತ ಆ ಕೋನಕ್ಕೆ ಕಾಣದೇ ಹೋಗಬಹುದು. ಇದು ಹೃದಯಾಘಾತವನ್ನು ಪತ್ತೆಹಚ್ಚುವುದಿಲ್ಲ ಎಂದು ತಯಾರಿಸಿದವರೇ ಆ್ಯಪ್‌ನಲ್ಲಿ ಬರೆದಿರುತ್ತಾರೆ; ನಾವು ಓದದೆ ಮುಂದೆ ಒತ್ತಿರುತ್ತೇವೆ.

ಹಾಗಾದರೆ 5.40ಕ್ಕೆ ಆ ಮನೆಯಲ್ಲಿ ಏನು ಆಗಬೇಕಿತ್ತು? ಅವರನ್ನು ಕೂರಿಸಿ, 108ಕ್ಕೋ 112ಕ್ಕೋ ಕರೆ ಮಾಡಬೇಕಿತ್ತು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್‌ಗಳಲ್ಲಿ ಆಂಬುಲೆನ್ಸಿಗೆ 108 ನಡೆಯುತ್ತದೆ, ದೆಹಲಿಯಲ್ಲಿ 102. ಹೇಳಬೇಕಾದ್ದು ಇಷ್ಟೇ: "56 ವರ್ಷ, ಇಪ್ಪತ್ತು ನಿಮಿಷದಿಂದ ಎದೆನೋವು, ಬೆವರುತ್ತಿದ್ದಾರೆ", ವಿಳಾಸ, ಮಹಡಿ, ಲಿಫ್ಟ್ ಇದೆಯೋ ಇಲ್ಲವೋ. ಲಿಫ್ಟ್ ಇಲ್ಲದ ಹಳೆಯ ಚಾಳುಗಳಲ್ಲಿ ರೋಗಿಯನ್ನು ಮೆಟ್ಟಿಲು ಇಳಿಸಿ ನಡೆಸುವುದನ್ನು ನೋಡಿದ್ದೇನೆ. ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹಿಡಿದು ಇಳಿಸಿದರೆ ಸಾಕು. ತಾವೇ ಸ್ಕೂಟರ್ ಓಡಿಸಿಕೊಂಡು ಬರುವವರಿಗಂತೂ ನಾನು ನಮಸ್ಕಾರ ಹಾಕುತ್ತೇನೆ, ದಾರಿಯಲ್ಲಿ ಎದುರು ಬರುವವರ ಪರವಾಗಿ.

ಆಸ್ಪಿರಿನ್ ಮನೆಯಲ್ಲಿದ್ದರೆ 300 ಅಥವಾ 325 ಮಿಲಿಗ್ರಾಂ ಅಗಿದು ನುಂಗಬಹುದು. 75ರ ಮಾತ್ರೆಯಾದರೆ ನಾಲ್ಕು. ಅಗಿಯುವುದು ಬೇಗ ರಕ್ತಕ್ಕೆ ಸೇರಲೆಂದು. ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಹುಣ್ಣಿನಿಂದ ರಕ್ತ ಹೋಗುವವರು, ಬೆನ್ನಿಗೆ ಸೀಳಿದಂಥ ನೋವು ಬಂದವರು, ಮಾತು ತೊದಲುತ್ತಿರುವವರು ಅಥವಾ ಕೈಕಾಲು ಸ್ವಾಧೀನ ತಪ್ಪಿದವರು ತೆಗೆದುಕೊಳ್ಳಬಾರದು. ಗೊಂದಲವಿದ್ದರೆ ಬಿಡಿ, ಆಂಬುಲೆನ್ಸಿನವರನ್ನು ಕೇಳಿ. ಪಕ್ಕದ ಮನೆಯವರ ಸಾರ್ಬಿಟ್ರೇಟ್ ತಂದು ನಾಲಗೆ ಕೆಳಗಿಡುವ ಪದ್ಧತಿ ನಮ್ಮಲ್ಲಿ ಜೋರಾಗಿದೆ. ಠಾಣೆಯ ಈ ಹೋಟೆಲಿನವರಂಥವರಲ್ಲಿ, ಅಂದರೆ ಬಲ ನಾಳ ಮುಚ್ಚಿ ನಾಡಿಯೂ ಬಿಪಿಯೂ ಇಳಿಯುತ್ತಿರುವಾಗ, ಅದು ಬಿಪಿಯನ್ನು ಪಾತಾಳಕ್ಕೆ ತಳ್ಳಬಲ್ಲದು. ವೈದ್ಯರು ನಿಮಗೇ ಬರೆದುಕೊಟ್ಟಿದ್ದರೆ ಅವರು ಹೇಳಿದಂತೆ, ಇಲ್ಲವಾದರೆ ಬೇಡ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂಬ ವಾಟ್ಸಾಪ್ ಸಂದೇಶ ವರ್ಷಕ್ಕೆರಡು ಬಾರಿ ನನಗೂ ಬರುತ್ತದೆ, ಅಳಿಸುತ್ತೇನೆ.

ಆಸ್ಪತ್ರೆಗೆ ಹೋದ ಮೇಲೂ ಒಂದು ತಿಳಿದಿರಬೇಕು. ಮೊದಲ ಇಸಿಜಿ ಸರಿಯಾಗಿಯೇ ಬರಬಹುದು. ನೋವು ಮುಂದುವರಿದಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಇನ್ನೊಂದು ತೆಗೆಯುತ್ತಾರೆ, ರಕ್ತದಲ್ಲಿ ಟ್ರೋಪೋನಿನ್ ನೋಡುತ್ತಾರೆ. ಸಾಯುತ್ತಿರುವ ಹೃದಯ ಸ್ನಾಯುವಿನಿಂದ ಸೋರುವ ವಸ್ತು ಅದು, ರಕ್ತದಲ್ಲಿ ಏರಲು ಕೆಲವು ಗಂಟೆ ಬೇಕು, ಹಾಗಾಗಿ ಅದನ್ನೂ ಎರಡು ಸಲ ನೋಡುವುದುಂಟು. ಬೇಗ ಹೋದವರಿಗೆ "ಇಸಿಜಿ ನಾರ್ಮಲ್" ಎಂದು ಹೇಳಿ ನೋವಿದ್ದಂತೆಯೇ ಮನೆಗೆ ಕಳಿಸಿದರೆ, "ಮತ್ತೊಂದು ಇಸಿಜಿ ತೆಗೆಯುತ್ತೀರಾ, ಟ್ರೋಪೋನಿನ್ ಯಾವಾಗ ನೋಡುತ್ತೀರಿ?" ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ಕೇಳಲೇಬೇಕು. ಅವರಲ್ಲಿ ನರಗಳು ಮಂಕಾಗಿ ನೋವೇ ಇಲ್ಲದೆ ಬರಿಯ ಬೆವರು, ಸುಸ್ತು, ಉಸಿರಾಟದ ತೊಂದರೆಯಾಗಿ ಆಘಾತ ಬರುವುದುಂಟು.

ಇನ್ನು ಪ್ರಜ್ಞೆ ತಪ್ಪುವುದು. ಇಲ್ಲಿ ನಾಡಿ ಮೋಸ ಮಾಡುವ ಬಗೆ ಬೇರೆ. ಬಿದ್ದವರು ಅರ್ಧ ನಿಮಿಷದಲ್ಲಿ ಕಣ್ಣು ಬಿಡುತ್ತಾರೆ, ಆಮೇಲೆ ಮನೆಯವರು ಬಿಪಿ ಯಂತ್ರ ಕಟ್ಟುತ್ತಾರೆ, ನಾಡಿ 76 ಬರುತ್ತದೆ. ಬಿದ್ದ ಹೊತ್ತಿನಲ್ಲಿ ಅದು 76 ಇರಲಿಲ್ಲ. ವಯಸ್ಸಾದವರಲ್ಲಿ ಮೇಲಿನ ಕೋಣೆಯ ವಿದ್ಯುತ್ ಕೆಳಗಿಳಿಯುವ ದಾರಿ ಸವೆದು, ಆಗೊಮ್ಮೆ ಈಗೊಮ್ಮೆ ಪೂರ್ತಿ ಕಡಿದುಹೋಗುತ್ತದೆ. ಆಗ ಕೆಲವು ಕ್ಷಣ ಬಡಿತವೇ ಇರುವುದಿಲ್ಲ, ಅಥವಾ ನಿಮಿಷಕ್ಕೆ 20ರಿಂದ 40ರ ನಿಧಾನ ಬಡಿತ. ಮಿದುಳಿಗೆ ರಕ್ತ ಸಾಲದೆ ಮನುಷ್ಯ ಮುಖ ಬಿಳಿಚಿ ಬೀಳುತ್ತಾನೆ. ದಾರಿ ಮತ್ತೆ ಕೂಡಿದೊಡನೆ ಮುಖ ಕೆಂಪೇರಿ ಎದ್ದು ಕೂರುತ್ತಾನೆ, ಏನಾಯಿತೆಂದು ಅವನಿಗೇ ಗೊತ್ತಿರುವುದಿಲ್ಲ. ಇದಕ್ಕೆ ಪೇಸ್‌ಮೇಕರ್ ಎಂಬ ಸಿದ್ಧ ಚಿಕಿತ್ಸೆ ಇದೆ. ಆದರೆ ಮುಂದಿನ ಸಲ ಎಲ್ಲಿ ಬೀಳುತ್ತಾರೋ, ಲೋಕಲ್ ರೈಲಿನ ಬಾಗಿಲಲ್ಲೋ ಗ್ಯಾಸ್ ಒಲೆಯ ಮುಂದೋ, ಯಾರೂ ಬಲ್ಲವರಲ್ಲ. ಅದಕ್ಕೇ ಒಂದು ವಾರ ನೋಡೋಣ ಎನ್ನುವ ಮಾತು ಇಲ್ಲಿ ಸಲ್ಲ.

ಎಲ್ಲ ಬವಳಿಯೂ ಹೃದಯದ್ದಲ್ಲ. ದೇವಸ್ಥಾನದ ಸಾಲಿನಲ್ಲಿ ಉಪವಾಸ ನಿಂತು, ಸೆಕೆಯಲ್ಲಿ ಕಣ್ಣು ಕತ್ತಲೆ ಬಂದು, ವಾಕರಿಕೆಯಾಗಿ ಮೆಲ್ಲಗೆ ಕುಸಿದ ಹುಡುಗಿಗೆ ಸಾಮಾನ್ಯವಾಗಿ ಅಪಾಯವಿಲ್ಲ. ಮಲಗಿಸಿ ಕಾಲು ಮೇಲೆತ್ತಿದರೆ ಸರಿಹೋಗುತ್ತದೆ. ಮುನ್ಸೂಚನೆಯೇ ಇಲ್ಲದೆ ಬಿದ್ದರೆ, ಮಲಗಿದಲ್ಲೇ ಅಥವಾ ಕೂತಲ್ಲೇ ಪ್ರಜ್ಞೆ ತಪ್ಪಿದರೆ, ಓಡುವಾಗ ಆಡುವಾಗ ಬಿದ್ದರೆ, ಬೀಳುವ ಮುನ್ನ ಎದೆ ಜೋರಾಗಿ ಬಡಿದುಕೊಂಡಿದ್ದರೆ, ಮನೆತನದಲ್ಲಿ ಎಳೆ ವಯಸ್ಸಿನವರು ಹಠಾತ್ತನೆ ತೀರಿಕೊಂಡಿದ್ದರೆ, ಎದ್ದು ಕೂತು ನಗುತ್ತಿದ್ದರೂ ಅವತ್ತೇ ಇಸಿಜಿ ಆಗಬೇಕು.

ಬಿದ್ದವರು ಏಳದೇ ಇದ್ದರೆ? ಕರೆದರೆ ಓಗೊಡುತ್ತಿಲ್ಲ, ಉಸಿರಾಡುತ್ತಿಲ್ಲ ಅಥವಾ ಮೀನಿನಂತೆ ಬಾಯಿ ತೆರೆದು ಅಪರೂಪಕ್ಕೊಮ್ಮೆ ಉಸಿರೆಳೆಯುತ್ತಿದ್ದಾರೆ ಎಂದಾದರೆ ನಾಡಿ ಹುಡುಕಲೇಬೇಡಿ. ಕಲಿತವರಿಗೂ ಗಾಬರಿಯಲ್ಲಿ ಅದು ಸರಿಯಾಗಿ ಸಿಗದು. ತಮ್ಮದೇ ಬೆರಳಿನ ಬಡಿತವನ್ನು ರೋಗಿಯದೆಂದು ತಿಳಿಯುವುದುಂಟು. ಅದಕ್ಕೇ ಸಾಮಾನ್ಯ ಜನರಿಗೆ ಕಲಿಸುವ ಪಾಠದಿಂದ ನಾಡಿ ನೋಡುವುದನ್ನೇ ಕೈಬಿಟ್ಟಿದ್ದಾರೆ. ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ಎದೆಯ ನಟ್ಟನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು ಎರಡಂಗುಲ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ, ಸಹಾಯ ಬರುವವರೆಗೆ.

ಉಸಿರಿನ ವಿಷಯದಲ್ಲಿ ಹೆಚ್ಚು ಹೇಳಲಾರೆ, ಒಂದು ಮಾತು ಸಾಕು. ಆಕ್ಸಿಮೀಟರ್‌ನ ಒಂದು ಬದಿಯಲ್ಲಿ 96 ಕಂಡರೆ ಧೈರ್ಯ ತಂದುಕೊಳ್ಳುವವರು ಇನ್ನೊಂದು ಬದಿಯಲ್ಲಿರುವ ನಾಡಿಯನ್ನೂ, ಎದುರಿಗಿರುವ ಮನುಷ್ಯನನ್ನೂ ನೋಡುವುದಿಲ್ಲ. ಊರಿಂದ ಹದಿನಾರು ಗಂಟೆ ಬಸ್ಸಿನಲ್ಲಿ ಕೂತು ಬಂದವರಿಗೆ ಒಂದು ಕಾಲು ಊದಿದೆ, ಮರುದಿನ ಇದ್ದಕ್ಕಿದ್ದಂತೆ ಏದುಸಿರು, ನಾಡಿ 118. ಕಾಲಿನಲ್ಲಿ ಕಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಕೂತರೆ ಹೀಗಾಗುತ್ತದೆ, ಆಗಲೂ ಆಮ್ಲಜನಕದ ಸಂಖ್ಯೆ ಸ್ವಲ್ಪ ಹೊತ್ತು 95ರ ಮೇಲೆಯೇ ಇರಬಹುದು. ಒಂದು ವಾಕ್ಯ ಪೂರ್ತಿ ಹೇಳಲು ನಡುವೆ ಉಸಿರೆಳೆದುಕೊಳ್ಳಬೇಕಾದವರಿಗೆ, ಮಲಗಲಾಗದೆ ಎದ್ದು ಕೂರುವವರಿಗೆ ಯಾವ ಯಂತ್ರದ ಒಪ್ಪಿಗೆಯೂ ಬೇಕಿಲ್ಲ. ಬಡಿತ ತಾಳ ತಪ್ಪಿದ್ದಾಗ ಸಂಖ್ಯೆಯೇ ತಪ್ಪಿರುವುದೂ ಉಂಟು: ಹೃದಯ 140 ಸಲ ಬಡಿಯುತ್ತಿದ್ದರೂ ಅರ್ಧಂಬರ್ಧ ಬಡಿತಗಳು ಮಣಿಕಟ್ಟಿಗೆ ತಲುಪದೆ ವಾಚು 100 ಎನ್ನುತ್ತದೆ.

ವಾಚು ಬಿಸಾಡಿ ಎನ್ನುತ್ತಿಲ್ಲ. ಎದೆನೋವಿಲ್ಲ, ಬವಳಿ ಇಲ್ಲ, ಉಸಿರು ಸರಿಯಿದೆ, ಆದರೆ ಆಗಾಗ ಎದೆ ಡವಗುಟ್ಟಿ ನಿಲ್ಲುತ್ತದೆ ಎನ್ನುವವರು ಹೊತ್ತು, ಅವಧಿ, ಸಂಖ್ಯೆ ಬರೆದು ತಂದರೆ ನಮಗೆ ಬಹಳ ಸಹಾಯ.

ಕೊನೆಗೆ ಊರಿನಲ್ಲಿರುವ ಹಿರಿಯರ ವಿಷಯ. ಅಪ್ಪ ಅಮ್ಮ ಕುಂದಾಪುರದಲ್ಲೋ ಶಿರಸಿಯಲ್ಲೋ, ಮಕ್ಕಳು ಇಲ್ಲಿ. "ಅಮ್ಮ, ಬೆರಳಿಗೆ ಹಾಕಿ ಫೋಟೋ ಕಳಿಸು" ಎಂದು ಹೇಳಿ, ಫೋಟೋ ಬಂದು, ಅದನ್ನು ಪರಿಚಯದ ಡಾಕ್ಟರಿಗೆ ಕಳಿಸಿ, ಅವರು ನೋಡುವ ಹೊತ್ತಿಗೆ ಒಂದು ಗಂಟೆ. ಅಮ್ಮ ಎದೆ ಹಿಡಿದುಕೊಂಡಿದ್ದಾರೆ ಎಂದು ಗೊತ್ತಾದ ಮೇಲೆ ಫೋಟೋ ಬೇಡ. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಹೃದ್ರೋಗ ಕೇಂದ್ರದ ತಜ್ಞರಿಗೆ ಕಳಿಸುತ್ತಾರೆ, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಷ್ಟು ಹತ್ತಿರ ದೊಡ್ಡ ಆಸ್ಪತ್ರೆ ಇಲ್ಲದ ಊರಿನಲ್ಲಿ ಆ ಚುಚ್ಚುಮದ್ದೇ ಸ್ನಾಯು ಉಳಿಸುವುದು. ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವುದು ಆಮೇಲಿನ ಮಾತು. ಒಂದು ಸಂಗತಿ ಬಹಳ ಜನಕ್ಕೆ ಹೊಳೆಯುವುದಿಲ್ಲ: ನೀವು ಡೊಂಬಿವಲಿಯಲ್ಲಿ ಕೂತು 108 ಒತ್ತಿದರೆ ಕರೆ ಹೋಗುವುದು ಮಹಾರಾಷ್ಟ್ರದ ಕೇಂದ್ರಕ್ಕೆ, ಕುಂದಾಪುರಕ್ಕೆ ಅಲ್ಲಿಂದ ಗಾಡಿ ಹೊರಡುವುದಿಲ್ಲ. ಊರಿನ ಪಕ್ಕದ ಮನೆಯವರ ಇಬ್ಬರ ನಂಬರು, ರಾತ್ರಿಯೂ ಬರುವ ಆಟೋದವರದು, ತಾಲ್ಲೂಕು ಆಸ್ಪತ್ರೆಯದು ನಿಮ್ಮ ಫೋನಿನಲ್ಲಿರಲಿ. 108ಕ್ಕೆ ಅವರೇ ಅಲ್ಲಿಂದ ಕರೆ ಮಾಡಲಿ.